ಕತ್ತರಿಸಿ ಅಂಟಿಸಿದ ಚಿಕ್ಕಪ್ಪನ ಮೇಲೆ ಅಂಗಳದ ಬಿಸಿಲು ಬೀಳಬೇಕಾದರೆ

ಫೋಟೋದಿಂದ ಒಬ್ಬರನ್ನು ಕತ್ತರಿಸಿ ತೆಗೆಯುವುದು ಈಗ ಬಹಳ ಸುಲಭ. ಐಫೋನಿನಲ್ಲಿ 2022ರಿಂದ, ಫೋಟೋದಲ್ಲಿರುವ ವ್ಯಕ್ತಿಯ ಮೇಲೆ ಸ್ವಲ್ಪ ಹೊತ್ತು ಬೆರಳು ಒತ್ತಿ ಹಿಡಿದರೆ ಸಾಕು, ಅವರು ಹಿನ್ನೆಲೆಯಿಂದ ಬಿಡಿಸಿಕೊಂಡು ಬರುತ್ತಾರೆ. ಬೇರೆ ಫೋನುಗಳಲ್ಲೂ ಇಂಥದ್ದೇ ಸೌಲಭ್ಯ ಬಂದಿದೆ. ಹಾಗಾಗಿ ಮದುವೆಗೆ ಬರಲಾಗದ ಅಣ್ಣನನ್ನೋ, ತೀರಿಕೊಂಡ ಅಪ್ಪನನ್ನೋ ಮನೆಯವರ ಫೋಟೋಗೆ ಸೇರಿಸುವ ಆಸೆ ತುಂಬಾ ಜನರಿಗೆ ಹುಟ್ಟಿದೆ. ಕತ್ತರಿಸಿದ ಅಂಚು ಚೆನ್ನಾಗಿಯೇ ಬರುತ್ತದೆ. ಆದರೂ ಸೇರಿಸಿದವರು ಗೋಡೆಗೆ ಅಂಟಿಸಿದ ಪೋಸ್ಟರಿನ ಹಾಗೆ ಕಾಣುತ್ತಾರೆ.

ತಪ್ಪು ಅಂಚಿನದಲ್ಲ, ಬೆಳಕಿನದು. ಅವರ ಮೇಲೆ ಇನ್ನೂ ಹಳೆಯ ಜಾಗದ ಬೆಳಕೇ ಇದೆ. ಅದನ್ನು ಕಳೆದು ಹೊಸ ಜಾಗದ ಬೆಳಕು ಬೀಳಿಸುವುದು ಹೇಗೆ ಅಂತ ನಮ್ಮ ಮನೆಯ ಒಂದು ಫೋಟೋವನ್ನೇ ಹಿಡಿದುಕೊಂಡು ಹೇಳುತ್ತೇನೆ.

ಅಜ್ಜಿಗೆ ಎಂಬತ್ತು ತುಂಬಿದಾಗ ತೀರ್ಥಹಳ್ಳಿ ಕಡೆಯ ಹಳೆ ಮನೆಯ ಅಂಗಳದಲ್ಲಿ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡೆವು. ಫೆಬ್ರವರಿ ತಿಂಗಳು, ಸಂಜೆ ನಾಲ್ಕೂವರೆ, ಎಡಗಡೆಯಿಂದ ಇಳಿಬಿಸಿಲು. ಹಿಂದೆ ಸುಣ್ಣದ ಗೋಡೆ, ಕೆಳಗೆ ಕೆಂಪು ಮಣ್ಣು, ಪಕ್ಕದಲ್ಲಿ ಸುಣ್ಣ ಬಳಿದ ತುಳಸಿ ಕಟ್ಟೆ. ಚಿಕ್ಕಪ್ಪ ಮಾತ್ರ ಬರಲಾಗಲಿಲ್ಲ, ಅವರಿರುವುದು ಅಮೆರಿಕದಲ್ಲಿ. ಬಿಳಿ ಶರ್ಟು, ಪಂಚೆ ಉಟ್ಟು, ಮನೆಯ ಕಿಟಕಿ ಪಕ್ಕ ನಿಂತು ಒಂದು ಫೋಟೋ ಕಳಿಸಿದರು. ಅಲ್ಲಿ ಮೋಡ ಕವಿದ ದಿನ. ಬೆಳಕು ಬಲಗಡೆಯಿಂದ, ಮೆತ್ತಗೆ, ಸ್ವಲ್ಪ ನೀಲಿ.

## ಫೋಟೋದಲ್ಲಿ ಎರಡು ವಿಷಯ ಬೆರೆತಿರುತ್ತವೆ

ಫೋಟೋದಲ್ಲಿ ಶರ್ಟು ನೀಲಿಯಾಗಿ ಕಂಡರೆ ಎರಡು ಕಾರಣ ಇರಬಹುದು. ಶರ್ಟೇ ನೀಲಿ, ಇಲ್ಲವೇ ಬಿಳಿ ಶರ್ಟಿನ ಮೇಲೆ ನೀಲಿ ಬೆಳಕು. ಕ್ಯಾಮೆರಾಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ದಾಖಲಿಸುವುದು ಎರಡರ ಗುಣಲಬ್ಧವನ್ನು:

ಕಾಣುವ ಬಣ್ಣ = ವಸ್ತುವಿನ ಬಣ್ಣ × ಅದರ ಮೇಲೆ ಬಿದ್ದ ಬೆಳಕು

ಮುಂದಿನ ಕೆಲಸವೆಲ್ಲ ಈ ಒಂದು ಸಾಲಿನಲ್ಲೇ ಇದೆ. ಚಿಕ್ಕಪ್ಪನ ಫೋಟೋದಿಂದ ಕಿಟಕಿಯ ಬೆಳಕನ್ನು ಭಾಗಿಸಿ ತೆಗೆಯಬೇಕು. ಆಮೇಲೆ ಅಂಗಳದ ಬೆಳಕಿನಿಂದ ಗುಣಿಸಬೇಕು. ಹಳೆಯದನ್ನು ತೆಗೆಯದೆ ಮೇಲೆ ಹೊಸ ಬಣ್ಣ ಬಳಿದರೆ ಎರಡು ಬೆಳಕೂ ಒಂದರ ಮೇಲೊಂದು ಕೂರುತ್ತವೆ. ಮುಖ ಮಾಸಲಾಗಿ, ಎಲ್ಲಿಯದೂ ಅಲ್ಲದ ಹಾಗೆ ಕಾಣುವುದು ಇದರಿಂದಲೇ.

## ತುಳಸಿ ಕಟ್ಟೆಯನ್ನು ಓದುವುದು

ಹೊಸ ಜಾಗದ ಬೆಳಕು ಎಂಥದ್ದು ಅಂತ ಊಹೆ ಮಾಡಬೇಕಾಗಿಲ್ಲ, ಅದನ್ನು ಅಳೆಯಬಹುದು. ಸಿನಿಮಾ ಗ್ರಾಫಿಕ್ಸ್ ಮಾಡುವವರು ಚಿತ್ರೀಕರಣದ ಜಾಗದಲ್ಲಿ ಒಂದು ಬೂದು ಚೆಂಡನ್ನೂ ಕನ್ನಡಿಯಂಥ ಒಂದು ಚೆಂಡನ್ನೂ ಇಟ್ಟು ಫೋಟೋ ತೆಗೆದುಕೊಳ್ಳುತ್ತಾರೆ. ಬೆಳಕು ಯಾವ ಕಡೆಯಿಂದ, ಎಷ್ಟು, ಯಾವ ಬಣ್ಣದ್ದು ಅಂತ ಆ ಚೆಂಡುಗಳು ಹೇಳುತ್ತವೆ. ನಮ್ಮ ಫೋಟೋದಲ್ಲಿ ಆ ಕೆಲಸವನ್ನು ತುಳಸಿ ಕಟ್ಟೆ ಮಾಡಿತು. ಎಲ್ಲ ಮುಖಕ್ಕೂ ಒಂದೇ ಸುಣ್ಣ. ಒಂದು ಮುಖ ಬಿಸಿಲಿಗೆ, ಇನ್ನೊಂದು ಮುಖ ನೆರಳಿಗೆ. ವಸ್ತುವಿನ ಬಣ್ಣ ಒಂದೇ ಆದ್ದರಿಂದ, ಎರಡು ಮುಖಗಳ ನಡುವೆ ಕಾಣುವ ವ್ಯತ್ಯಾಸವೆಲ್ಲ ಬೆಳಕಿನದೇ.

ಫೋಟೋಶಾಪಿನಲ್ಲಿ ಬಣ್ಣ ಹೀರುವ Eyedropper ಇಟ್ಟು ನೋಡಿದೆ. ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಲ್ಲಿ ಸಿಗುತ್ತದೆ, ಸೊನ್ನೆಯಿಂದ 255ರವರೆಗೆ. ಬಿಸಿಲಿನ ಮುಖ 246, 222, 178. ನೆರಳಿನ ಮುಖ 104, 112, 128. ಬಿಸಿಲಿನಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ನೆರಳಿನಲ್ಲಿ ಅದು ತಿರುಗಿ ನಿಂತಿದೆ.

## ನೆರಳು ಯಾಕೆ ನೀಲಿ?

ಇಲ್ಲಿ ಸ್ವಲ್ಪ ನಿಲ್ಲಬೇಕು. ತುಂಬಾ ಜನ ಎಡವುವುದು ಇಲ್ಲೇ.

ಸಂಜೆ ಸೂರ್ಯ ಕೆಳಗಿಳಿದಾಗ ಬೆಳಕು ಗಾಳಿಯೊಳಗೆ ಜಾಸ್ತಿ ದೂರ ಸಾಗಿ ಬರುತ್ತದೆ. ದಾರಿಯಲ್ಲಿ ನೀಲಿ ಭಾಗ ಚದುರಿ ಹೋಗುತ್ತದೆ, ಉಳಿದದ್ದು ಹಳದಿ, ಕೆಂಪು. ಚದುರಿದ ನೀಲಿ ಬೆಳಕೇ ಆಕಾಶವಾಗಿ ಕಾಣುತ್ತದೆ. ಅಂದರೆ ಅಂಗಳದಲ್ಲಿ ಎರಡು ದೀಪ ಉರಿಯುತ್ತಿವೆ ಅನ್ನಿ. ಒಂದು ಚಿಕ್ಕದು, ಪ್ರಖರವಾದದ್ದು, ಹಳದಿ ಬಣ್ಣದ್ದು. ಅದು ಸೂರ್ಯ. ಇನ್ನೊಂದು ತಲೆಯ ಮೇಲೆ ಪೂರ್ತಿ ಹರಡಿದ್ದು, ಮೆತ್ತಗಿನದು, ನೀಲಿ ಬಣ್ಣದ್ದು. ಅದು ಆಕಾಶ. ಬಿಸಿಲು ಬೀಳುವ ಕಡೆ ಎರಡೂ ಸೇರುತ್ತವೆ. ನೆರಳಿನಲ್ಲಿ ಆಕಾಶ ಒಂದೇ.

ಸಂಜೆಯ ಫೋಟೋ ಅಲ್ವಾ ಅಂತ ಇಡೀ ವ್ಯಕ್ತಿಯ ಮೇಲೆ ಹಳದಿ ಬಳಿದರೆ ಸರಿಯಾಗದಿರುವುದು ಇದಕ್ಕೇ. ಪಕ್ಕದಲ್ಲಿ ನಿಂತ ಅಜ್ಜಿಯ ನೆರಳಿನ ಕೆನ್ನೆ ತಣ್ಣಗೆ ನೀಲಿ ಛಾಯೆಯಲ್ಲಿದೆ. ಚಿಕ್ಕಪ್ಪನ ನೆರಳಿನ ಕೆನ್ನೆ ಮಾತ್ರ ಅರಿಶಿನ ಹಚ್ಚಿದ ಹಾಗಿದ್ದರೆ ಅವರಿಬ್ಬರೂ ಒಂದೇ ಅಂಗಳದಲ್ಲಿ ನಿಂತ ಹಾಗೆ ಹೇಗೆ ಕಾಣುತ್ತದೆ? ಒಂದು ಬಣ್ಣ ಸಾಲದು, ಎರಡು ಬೇಕು.

## ಮೊದಲು ಕಿಟಕಿಯ ಬೆಳಕನ್ನು ಕಳೆಯುವುದು

ಚಿಕ್ಕಪ್ಪನ ಬಿಳಿ ಶರ್ಟಿನ ಅಂಕಿ 205, 208, 214 ಇತ್ತು. ನೀಲಿ ಸ್ವಲ್ಪ ಜಾಸ್ತಿ. ಬಿಳಿ ಬಟ್ಟೆಯಲ್ಲಿ ಮೂರೂ ಸಮ ಇರಬೇಕು. ಪ್ರತಿ ಬಣ್ಣವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ Curves ತೆರೆದು ಮೂರನ್ನೂ 210ಕ್ಕೆ ತಂದೆ. ಬಿಳಿ ಬಟ್ಟೆ ಇಲ್ಲದಿದ್ದರೆ ಕಣ್ಣಿನ ಬಿಳಿ ಅಥವಾ ಬಿಳಿ ಕೂದಲು ನೋಡಬಹುದು. ಆದರೆ ಇವೆರಡೂ ಪೂರ್ತಿ ಬಿಳಿ ಇರುವುದಿಲ್ಲ, ಲೆಕ್ಕ ಸ್ವಲ್ಪ ತಪ್ಪುತ್ತದೆ.

ಕಿಟಕಿ ಬಲಗಡೆ ಇದ್ದದ್ದರಿಂದ ಮುಖದ ಬಲಭಾಗ ಸ್ವಲ್ಪ ಬೆಳ್ಳಗಿತ್ತು. ದೊಡ್ಡ, ಮೆತ್ತಗಿನ ಬ್ರಶ್‌ನಲ್ಲಿ ಎಡಭಾಗವನ್ನು ತುಸು ಎತ್ತಿ, ಬಲಭಾಗವನ್ನು ತುಸು ಇಳಿಸಿದೆ. ಈ ಹಂತ ಮುಗಿದಾಗ ಮುಖ ಸಪ್ಪೆಯಾಗಿ, ಪಾಸ್‌ಪೋರ್ಟ್ ಫೋಟೋದ ಹಾಗೆ ಕಾಣಬೇಕು. ಹಾಗೆ ಕಂಡರೆ ಸರಿಯಾಗಿದೆ ಅಂತಲೇ ಅರ್ಥ.

ಇಲ್ಲಿ ಒಂದು ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ. ಬೆಳಕು ಬಲದಿಂದ ಇದ್ದರೆ ಫೋಟೋವನ್ನು ಕನ್ನಡಿಯಂತೆ ತಿರುಗಿಸಿದರೆ ಆಯ್ತಲ್ಲ, ಎಡಕ್ಕೆ ಬರುತ್ತದೆ? ಬರುತ್ತದೆ. ಜೊತೆಗೆ ಶರ್ಟಿನ ಜೇಬು ಬಲಕ್ಕೆ ಹೋಗುತ್ತದೆ, ಬೈತಲೆ ಬದಲಾಗುತ್ತದೆ. ಹೆಂಗಸರಾದರೆ ಎಡ ಭುಜದ ಸೆರಗು ಬಲ ಭುಜಕ್ಕೆ ಬರುತ್ತದೆ. ಬರಿಮೈಯಲ್ಲಿ ನಿಂತವರ ಜನಿವಾರ ಎಡ ಭುಜದಿಂದ ಬಲಕ್ಕೆ ಹೋಗುತ್ತದೆ. ಜನಿವಾರ ಹಾಗೆ ಹಾಕಿಕೊಳ್ಳುವುದು ಶ್ರಾದ್ಧದಲ್ಲಿ. ಶುಭಕಾರ್ಯದ ಫೋಟೋದಲ್ಲಿ ಹಿರಿಯರ ಕಣ್ಣಿಗೆ ಅದು ತಕ್ಷಣ ಚುಚ್ಚುತ್ತದೆ. ಮುಖ ಕೂಡ ಎರಡೂ ಕಡೆ ಒಂದೇ ಥರ ಇರುವುದಿಲ್ಲ. ಹೆತ್ತ ತಾಯಿ ನೋಡುವ ಫೋಟೋ ಇದು. ನಾನು ತಿರುಗಿಸಲಿಲ್ಲ.

## ಎರಡು ಪ್ರತಿ: ನೆರಳಿನ ಚಿಕ್ಕಪ್ಪ, ಬಿಸಿಲಿನ ಚಿಕ್ಕಪ್ಪ

ಈಗ ಸಪ್ಪೆ ಚಿಕ್ಕಪ್ಪನ ಲೇಯರನ್ನು ಎರಡು ಪ್ರತಿ ಮಾಡಿಕೊಳ್ಳಿ. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದ ಹಾಗೆ. ಕೆಳಗಿನ ಪ್ರತಿಯಲ್ಲಿ ಚಿಕ್ಕಪ್ಪ ಪೂರ್ತಿ ನೆರಳಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಮೇಲಿನ ಪ್ರತಿಯಲ್ಲಿ ಪೂರ್ತಿ ಬಿಸಿಲಿನಲ್ಲಿ.

ಕೆಳಗಿನ ಪ್ರತಿಯಲ್ಲಿ ಶರ್ಟಿನ 210, 210, 210 ಎನ್ನುವುದು ತುಳಸಿ ಕಟ್ಟೆಯ ನೆರಳಿನ ಅಂಕಿಗೆ, ಅಂದರೆ 104, 112, 128ಕ್ಕೆ ಬರಬೇಕು. Curves ಒಳಗೆ ಒಂದು ಓರೆ ಗೆರೆ ಕಾಣುತ್ತದೆ. ಅದನ್ನು ನಡುವೆ ಹಿಡಿದು ಬಾಗಿಸಬೇಡಿ. ಬೆಳಕು ಗುಣಾಕಾರ ಅಂತ ಆಗಲೇ ನೋಡಿದೆವು. ಗುಣಾಕಾರಕ್ಕೆ ಗೆರೆ ನೇರವಾಗಿಯೇ ಇರಬೇಕು. ಹಾಗಾಗಿ ಗೆರೆಯ ಮೇಲ್ತುದಿಯನ್ನು ಮಾತ್ರ ಸರಿಸಬೇಕು. ಕೆಂಪಿನ ಲೆಕ್ಕ ನೋಡಿ. 104ನ್ನು 210ರಿಂದ ಭಾಗಿಸಿ 255ರಿಂದ ಗುಣಿಸಿದರೆ 126. ಮೂರು ಬಣ್ಣಕ್ಕೂ ಮೇಲ್ತುದಿಯ ಬೆಲೆ ಹೀಗೆ ಬರುತ್ತದೆ:

```
Red    Output 126
Green  Output 136
Blue   Output 155
```

ಮೇಲಿನ ಪ್ರತಿಗೆ ಗುರಿ ಬಿಸಿಲಿನ 246, 222, 178. ಇಲ್ಲಿ ಕೆಂಪು, ಹಸಿರು ಹೆಚ್ಚಾಗಬೇಕು. ಅದಕ್ಕೆ ಮೇಲ್ತುದಿಯನ್ನು ಕೆಳಗಿಳಿಸದೆ ಎಡಕ್ಕೆ ಸರಿಸಬೇಕು. ನೀಲಿ ಮಾತ್ರ ಕೆಳಗೆ:

```
Red    Input  218
Green  Input  241
Blue   Output 216
```

ಚಿಕ್ಕಪ್ಪನ ಶರ್ಟೂ ಅಂಗಳದ ಸುಣ್ಣವೂ ಒಂದೇ ಬಿಳಿ ಅಲ್ಲ. ಕಟ್ಟೆಯ ಮುಖ ಸೂರ್ಯನಿಗೆ ತಿರುಗಿರುವಷ್ಟು ಎದೆ ತಿರುಗಿರುವುದೂ ಇಲ್ಲ. ಆದ್ದರಿಂದ ಈ ಅಂಕಿಗಳು ಹೊರಡುವ ಜಾಗ, ಅಷ್ಟೇ. ಕೊನೆಗೆ ಅಜ್ಜಿಯ ಬಿಸಿಲಿನ ಕೆನ್ನೆಯನ್ನೂ ನೆರಳಿನ ಕೆನ್ನೆಯನ್ನೂ ಪಕ್ಕದಲ್ಲಿಟ್ಟು ನೋಡಿ ತುಸು ಆಚೀಚೆ ಮಾಡಿದೆ.

ಮೇಲಿನ ಪ್ರತಿಗೆ ಒಂದು ಮಾಸ್ಕ್ ಹಾಕಿ, ಅದನ್ನು ಪೂರ್ತಿ ಕಪ್ಪು ಮಾಡಿ. ಮಾಸ್ಕ್ ಕಪ್ಪಿರುವಲ್ಲಿ ಲೇಯರ್ ಕಾಣುವುದಿಲ್ಲ, ಬಿಳಿ ಬಳಿದಲ್ಲಿ ಕಾಣುತ್ತದೆ. ಈಗ ಪರದೆಯ ಮೇಲೆ ಚಿಕ್ಕಪ್ಪ ಪೂರ್ತಿ ನೆರಳಿನಲ್ಲಿದ್ದಾರೆ. ಬಿಳಿ ಬ್ರಶ್ ಹಿಡಿದು ಎಲ್ಲಿ ಬಳಿಯುತ್ತೀರೋ ಅಲ್ಲಿ ಬಿಸಿಲು ಬೀಳುತ್ತದೆ.

## ಬಿಸಿಲು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ?

ಮೊದಲು ಸೂರ್ಯ ಎಲ್ಲಿದ್ದಾನೆ ಅಂತ ತಿಳಿಯಬೇಕು. ತುಳಸಿ ಕಟ್ಟೆಯ ಮೇಲಿನ ಮೂಲೆಯಿಂದ, ನೆಲದ ಮೇಲೆ ಅದೇ ಮೂಲೆಯ ನೆರಳು ಬಿದ್ದಿರುವ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಅಜ್ಜಿಯ ತಲೆಯಿಂದ ಅವರ ತಲೆಯ ನೆರಳಿಗೆ ಇನ್ನೊಂದು. ನಿಜವಾದ ಫೋಟೋದಲ್ಲಿ ಇಂಥ ಗೆರೆಗಳನ್ನು ಉದ್ದ ಮಾಡುತ್ತಾ ಹೋದರೆ ಎಲ್ಲವೂ ಒಂದೇ ಬಿಂದುವಿನಲ್ಲಿ ಸೇರುತ್ತವೆ, ಇಲ್ಲವೇ ಸಮಾನಾಂತರವಾಗಿ ಸಾಗುತ್ತವೆ. ಚಿಕ್ಕಪ್ಪನ ಗೆರೆಯೂ ಇವುಗಳ ಜೊತೆ ಹೊಂದಬೇಕು. ಎತ್ತರ ತಿಳಿಯಲು ನೆರಳಿನ ಉದ್ದ ಸಾಕು. ನೆರಳು ಆಳಿನಷ್ಟೇ ಇದ್ದರೆ ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾನೆ. ಆಳಿನ ಎರಡರಷ್ಟಿದ್ದರೆ ಸುಮಾರು 27 ಡಿಗ್ರಿ. ನಮ್ಮ ಅಂಗಳದಲ್ಲಿ ಇದ್ದದ್ದು ಹೆಚ್ಚುಕಡಿಮೆ ಇದು.

ಮುಖದ ಮೇಲೆ ಬಳಿಯುವಾಗ ಎರಡು ಥರದ ಗಡಿ ಬರುತ್ತದೆ. ಕೆನ್ನೆ, ಹಣೆ, ತೋಳು ದುಂಡಗಿವೆ. ಅಲ್ಲಿ ಮೈ ನಿಧಾನವಾಗಿ ಸೂರ್ಯನಿಂದ ಆಚೆ ತಿರುಗುತ್ತದೆ, ಬಿಸಿಲೂ ನಿಧಾನವಾಗಿ ಮುಗಿಯುತ್ತದೆ. ಅಲ್ಲಿಗೆ ಮೆತ್ತಗಿನ ಬ್ರಶ್. ಇನ್ನೊಂದು, ಒಂದು ಅಂಗ ಇನ್ನೊಂದರ ಮೇಲೆ ಬೀಳಿಸುವ ನೆರಳು. ಮೂಗಿನ ನೆರಳು ಬಲ ಕೆನ್ನೆಯ ಮೇಲೆ, ಕಾಲರಿನ ನೆರಳು ಕತ್ತಿನ ಮೇಲೆ, ಕೈಯ ನೆರಳು ಪಂಚೆಯ ಮೇಲೆ. ಇದರ ಗಡಿ ಚೂಪು. ಅಲ್ಲಿಗೆ ಗಟ್ಟಿ ಬ್ರಶ್. ಎಲ್ಲ ಕಡೆಯೂ ಮೆತ್ತಗೆ ಬಳಿದರೆ ಬಿಸಿಲು ಬಿದ್ದ ಹಾಗಿರುವುದಿಲ್ಲ, ಮುಖಕ್ಕೆ ಮಸಿ ತಾಗಿದ ಹಾಗಿರುತ್ತದೆ. ನಾನು ಮೊದಲ ಸಲ ಮಾಡಿದ್ದು ಹೀಗೇ ಆಗಿತ್ತು. ಮೂಗಿನ ನೆರಳಿನ ಗಡಿಯನ್ನು ಗಟ್ಟಿ ಮಾಡಿದ ಕೂಡಲೇ ಬಿಸಿಲು ಬಂದುಬಿಟ್ಟಿತು.

ಎಷ್ಟು ಚೂಪು ಅಂದರೆ, ನಮ್ಮ ಕಣ್ಣಿಗೆ ಸೂರ್ಯ ಸುಮಾರು ಅರ್ಧ ಡಿಗ್ರಿ ಅಗಲ. ಹಾಗಾಗಿ ನೆರಳು ಬೀಳಿಸುವ ವಸ್ತು ಒಂದು ಮೀಟರ್ ದೂರ ಇದ್ದರೆ ನೆರಳಿನ ಅಂಚು ಸುಮಾರು 1 ಸೆಂಟಿಮೀಟರಿನಷ್ಟು ಮಸುಕಾಗುತ್ತದೆ. ಮೂಗು ಕೆನ್ನೆಗೆ ಅಂಟಿಕೊಂಡೇ ಇದೆ, ಅದಕ್ಕೇ ಅದರ ನೆರಳು ಅಷ್ಟು ಸ್ಪಷ್ಟ.

ಎಲ್ಲಿ ಬಳಿಯಬೇಕು ಅಂತ ಅನುಮಾನ ಬಂದಾಗಲೆಲ್ಲ ಅಜ್ಜಿಯನ್ನು ನೋಡಿದೆ. ಇಳಿಬಿಸಿಲಾದ್ದರಿಂದ ಅವರ ಎಡಗಣ್ಣಿನ ಗುಳಿಯೊಳಗೂ ಬೆಳಕು ಹೋಗಿತ್ತು. ನಡುಮಧ್ಯಾಹ್ನವಾಗಿದ್ದರೆ ಅದೇ ಗುಳಿ ಕಪ್ಪಾಗಿರುತ್ತಿತ್ತು. ಅಕ್ಕಪಕ್ಕ ನಿಂತವರಿಗಿಂತ ಒಳ್ಳೆಯ ಮಾದರಿ ಬೇರೆ ಸಿಗುವುದಿಲ್ಲ.

ಉಳಿದದ್ದು ಕೆಳಗಿನಿಂದ ಪುಟಿಯುವ ಬೆಳಕು. ಬಿಸಿಲು ಬಿದ್ದ ಕೆಂಪು ಮಣ್ಣು ತಾನೂ ಒಂದು ದೀಪದ ಹಾಗೆ ಮೇಲಕ್ಕೆ ಕೆಂಪು ಬೆಳಕು ಚೆಲ್ಲುತ್ತದೆ. ಬಿಳಿ ಪಂಚೆಯ ಕೆಳಭಾಗದಲ್ಲಿ, ಗದ್ದದ ಅಡಿಯಲ್ಲಿ ಇದು ಕಾಣುತ್ತದೆ. ಬಿಸಿಲಿನ ಮಣ್ಣಿನಿಂದಲೇ ಬಣ್ಣ ಹೀರಿಕೊಂಡು, ಹೊಸ ಲೇಯರನ್ನು ಕೆಳಗಿನದರ ಜೊತೆ ಮೆತ್ತಗೆ ಬೆರೆಸುವ Soft Light ಇಟ್ಟು, ಪಂಚೆಯ ಅಂಚಿಗೆ ತೀರಾ ತೆಳುವಾಗಿ ಬಳಿದೆ. ಅಪ್ಪನ ಪಂಚೆಯಲ್ಲಿ ಎಷ್ಟಿದೆಯೋ ಅಷ್ಟು.

## ನೆಲದ ನೆರಳು

ಚಿಕ್ಕಪ್ಪನನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ನೆರಳೇ ತೀರ್ಮಾನಿಸುತ್ತದೆ. ಸೂರ್ಯ ಎಡಕ್ಕೆ, ಸ್ವಲ್ಪ ಮುಂದೆ ಇದ್ದಾನೆ. ಎಲ್ಲರ ನೆರಳೂ ಬಲಕ್ಕೆ, ಹಿಂದಕ್ಕೆ ಬಿದ್ದಿದೆ. ಚಿಕ್ಕಪ್ಪನನ್ನು ನಡುವೆ ತೂರಿಸಿದರೆ ಅವರ ನೆರಳು ಹಿಂದಿನ ಸಾಲಿನವರ ಮೈಮೇಲೆ ಬೀಳಬೇಕಾಗುತ್ತದೆ. ಅವರ ಮುಖವನ್ನೂ ತಿದ್ದಬೇಕಾಗುತ್ತದೆ. ಬಲ ತುದಿಯಲ್ಲಿ ನಿಲ್ಲಿಸಿದರೆ ನೆರಳು ಖಾಲಿ ನೆಲದ ಮೇಲೆ ಬೀಳುತ್ತದೆ, ಆಮೇಲೆ ಗೋಡೆ ಹತ್ತುತ್ತದೆ. ಅಲ್ಲೇ ನಿಲ್ಲಿಸಿದೆ.

ನೆರಳಿಗೆ ಕಪ್ಪು ಬಣ್ಣ ಬಳಿಯಬೇಡಿ. ನೆರಳು ಅಂದರೆ ಸೂರ್ಯ ಇಲ್ಲದ, ಆಕಾಶದ ಬೆಳಕು ಮಾತ್ರ ಇರುವ ಮಣ್ಣು. ಹಿನ್ನೆಲೆಯ ಮೇಲೆ ಒಂದು Curves ಹಾಕಿ, ಪಕ್ಕದವರ ನೆರಳಿನ ಬಣ್ಣಕ್ಕೆ ಹೊಂದುವ ತನಕ ಇಳಿಸಿ, ನೆರಳಿನ ಆಕಾರದಲ್ಲಿ ಮಾಸ್ಕ್ ಮಾಡಿದರೆ ಮಣ್ಣಿನ ಕಲ್ಲು, ಕಸ ಎಲ್ಲ ಅದರೊಳಗೆ ಹಾಗೇ ಕಾಣುತ್ತವೆ. ಪಾದದ ಹತ್ತಿರ ಅಂಚು ಚೂಪಾಗಿರಲಿ, ದೂರ ಹೋದಂತೆ ಮಸುಕಾಗಲಿ. ಪಾದ ನೆಲಕ್ಕೆ ತಾಗುವ ಜಾಗದಲ್ಲಿ ಆಕಾಶದ ಬೆಳಕೂ ನುಗ್ಗುವುದಿಲ್ಲ. ಅಲ್ಲಿ ಒಂದು ಸಣ್ಣ ಗಾಢ ಗೆರೆ ಬೇಕು. ಇದು ಇಲ್ಲದಿದ್ದರೆ ಮನುಷ್ಯ ನೆಲದಿಂದ ಒಂದಿಂಚು ಮೇಲೆ ತೇಲುತ್ತಾನೆ.

ಇನ್ನೊಂದು ತಪ್ಪು ಸುಲಭವಾಗಿ ಆಗುತ್ತದೆ. ಗೋಡೆಯ ಹತ್ತಿರ ಮಾಡಿನ ನೆರಳು ಮೊದಲೇ ಬಿದ್ದಿತ್ತು. ಚಿಕ್ಕಪ್ಪನ ನೆರಳು ಅದರ ಮೇಲೆ ಹೋದಾಗ ಅಲ್ಲಿ ಇನ್ನಷ್ಟು ಕಪ್ಪಾಯಿತು. ನಿಜದಲ್ಲಿ ಹಾಗಾಗುವುದಿಲ್ಲ. ಸೂರ್ಯನನ್ನು ಒಮ್ಮೆ ಮರೆಮಾಡಿದ ಮೇಲೆ ಇನ್ನೊಮ್ಮೆ ಮರೆಮಾಡಲು ಏನೂ ಉಳಿದಿರುವುದಿಲ್ಲ. ಅಷ್ಟು ಭಾಗವನ್ನು ಮಾಸ್ಕಿನಿಂದ ಅಳಿಸಿದೆ.

## ಎಂಥ ಫೋಟೋದಿಂದ ಆಗುವುದಿಲ್ಲ

ಇಷ್ಟೆಲ್ಲ ಆದದ್ದು ಚಿಕ್ಕಪ್ಪ ಮೋಡದ ಬೆಳಕಿನಲ್ಲಿ ನಿಂತದ್ದರಿಂದ. ಮೆತ್ತಗಿನ ಬೆಳಕಿನ ಫೋಟೋಗೆ ಗಟ್ಟಿ ಬಿಸಿಲು ಸೇರಿಸಬಹುದು. ಗಟ್ಟಿ ಬಿಸಿಲಿನ ಫೋಟೋದಿಂದ ಬಿಸಿಲು ತೆಗೆಯುವುದು ಬಹಳ ಕಷ್ಟ. ಮೂಗಿನ ನೆರಳು ತಪ್ಪು ಕೆನ್ನೆಯ ಮೇಲೆ ಗಾಢವಾಗಿ ಬಿದ್ದಿದ್ದರೆ ಅದರ ಅಡಿಯ ಚರ್ಮದ ವಿವರ ಫೋಟೋದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಬಿಸಿಲಿಗೆ ಪೂರ್ತಿ ಬೆಳ್ಳಗಾದ ಹಣೆಯೂ ಅಷ್ಟೇ. 255 ಮುಟ್ಟಿದ ಮೇಲೆ ಅಲ್ಲಿ ಏನಿತ್ತು ಅಂತ ಭಾಗಾಕಾರ ಮಾಡಿ ತಿಳಿಯಲಾಗುವುದಿಲ್ಲ. ಹಾಗಾಗಿ ಫೋಟೋ ಕಳಿಸುವವರಿಗೆ ಮೊದಲೇ ಹೇಳಿ: ಫ್ಲಾಶ್ ಬೇಡ, ಬಿಸಿಲು ಬೇಡ, ಬಯಲಿನ ನೆರಳಿನಲ್ಲಿ ನಿಲ್ಲಿ.

ಸಿನಿಮಾದವರು ಇದೇ ತೊಡಕನ್ನು ಬೇರೆ ದಾರಿಯಲ್ಲಿ ದಾಟಿದರು. ಪಾಲ್ ಡೆಬೆವೆಕ್ ಮತ್ತು ಅವರ ಜೊತೆಗಾರರು 2000ದಲ್ಲಿ ಲೈಟ್ ಸ್ಟೇಜ್ ಎಂಬ ಸಾಧನವನ್ನು ತೋರಿಸಿದರು. ಮನುಷ್ಯನನ್ನು ನಡುವೆ ಕೂರಿಸಿ, ಸುತ್ತಲಿನ ಒಂದೊಂದು ದಿಕ್ಕಿನಿಂದ ಬೆಳಕು ಬಿಟ್ಟು ಬೇರೆಬೇರೆ ಚಿತ್ರ ತೆಗೆಯುವುದು ಅದರ ಕೆಲಸ. ಬೆಳಕು ಕೂಡುವ ವಸ್ತು. ಎಡದ ದೀಪದ ಚಿತ್ರವನ್ನೂ ಮೇಲಿನ ದೀಪದ ಚಿತ್ರವನ್ನೂ ಕೂಡಿದರೆ ಎರಡೂ ದೀಪ ಉರಿದಾಗ ಕಾಣುವ ಚಿತ್ರವೇ ಬರುತ್ತದೆ. ಎಲ್ಲ ದಿಕ್ಕಿನ ಚಿತ್ರ ಕೈಯಲ್ಲಿದ್ದರೆ ಬೇಕಾದ ಜಾಗದ ಬೆಳಕನ್ನು ಅವುಗಳನ್ನು ಬೆರೆಸಿಯೇ ಕಟ್ಟಬಹುದು. ನಮ್ಮ ಹತ್ತಿರ ಇರುವುದು ಒಂದೇ ಚಿತ್ರ. ಉಳಿದದ್ದನ್ನು ಕೈಯಲ್ಲಿ ಬಳಿಯಬೇಕು.

## ಸರಿಯಾಯ್ತಾ ಅಂತ ನೋಡುವುದು

ಬೆಳಕಿನ ದಿಕ್ಕು ತಪ್ಪಿದ್ದನ್ನು ಕಣ್ಣು ಹಿಡಿಯುವುದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಪವನ್ ಸಿನ್ಹಾ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನು ತೋರಿಸಿದ್ದಾರೆ. ಅದರ ಅರ್ಥ ದಿಕ್ಕನ್ನು ಹೇಗೋ ಮಾಡಬಹುದು ಅಂತಲ್ಲ. ಮಾಡಿದವರ ಕಣ್ಣನ್ನೇ ನಂಬಿ ಕೂರಬಾರದು ಅಂತ.

ನಾನು ಮೂರು ರೀತಿಯಲ್ಲಿ ನೋಡುತ್ತೇನೆ. ಎಲ್ಲಕ್ಕಿಂತ ಮೇಲೆ ಒಂದು Hue/Saturation ಲೇಯರ್ ಹಾಕಿ Saturation ಅನ್ನು ಸುಮ್ನೆ ಪೂರ್ತಿ ಏರಿಸುತ್ತೇನೆ. ಬಣ್ಣಗಳು ಕಿರುಚುತ್ತವೆ. ಅಜ್ಜಿಯ ನೆರಳಿನ ಕೆನ್ನೆ ನೇರಳೆಯಾಗಿ, ಚಿಕ್ಕಪ್ಪನದು ಹಸಿರಾಗಿ ಕಂಡರೆ ತಪ್ಪು ಎಲ್ಲಿದೆ ಅಂತ ಗೊತ್ತಾಯ್ತು. ಆಮೇಲೆ Channels ಒಳಗೆ Blue ಒಂದನ್ನೇ ತೆರೆದು ಕಪ್ಪುಬಿಳುಪಿನಲ್ಲಿ ನೋಡುತ್ತೇನೆ. ಬಿಸಿಲು, ನೆರಳಿನ ಬಣ್ಣ ಹೊಂದದಿದ್ದರೆ ಈ ಒಂದರಲ್ಲಿ ಸೇರಿಸಿದವರು ಎದ್ದು ಕಾಣುತ್ತಾರೆ. ಕೊನೆಗೆ ಇಡೀ ಫೋಟೋವನ್ನು ಕನ್ನಡಿಯಂತೆ ತಿರುಗಿಸಿ, ಬೆರಳಿನಗಲ ಚಿಕ್ಕದು ಮಾಡಿ ನೋಡುತ್ತೇನೆ. ಆಗ ಮುಖಗಳ ಪರಿಚಯ ಮರೆಯಾಗಿ ಬೆಳಕಿನ ಲೆಕ್ಕ ಮಾತ್ರ ಉಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಚಿಕ್ಕಪ್ಪನಲ್ಲಿ ಏನೋ ಸರಿಯಿಲ್ಲ ಅನಿಸುತ್ತಿತ್ತು. ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ಕಣ್ಣಿನ ಮಿಂಚು. ಎರಡೂ ಕಣ್ಣಿನ ಬಲಭಾಗದಲ್ಲಿ ಅಮೆರಿಕದ ಆ ಕಿಟಕಿ ಒಂದು ಬಿಳಿ ಚೌಕವಾಗಿ ಇನ್ನೂ ಕೂತಿತ್ತು. ಕಣ್ಣುಗುಡ್ಡೆ ಒಂದು ಸಣ್ಣ ಕನ್ನಡಿ, ಎದುರಿಗಿನ ದೀಪ ಅದರಲ್ಲಿ ಕಾಣುತ್ತದೆ. ಫೋಟೋ ತಿದ್ದಿದ್ದಾರೋ ಇಲ್ಲವೋ ಅಂತ ಪತ್ತೆ ಹಚ್ಚಲು ಮೈಕಾ ಜಾನ್ಸನ್ ಮತ್ತು ಹ್ಯಾನಿ ಫರೀದ್ 2007ರಲ್ಲಿ ಇದೇ ಮಿಂಚಿನಿಂದ ಬೆಳಕಿನ ದಿಕ್ಕು ಲೆಕ್ಕ ಹಾಕುವ ವಿಧಾನ ಪ್ರಕಟಿಸಿದ್ದರು. ಚೌಕಗಳನ್ನು ಅಳಿಸಿದೆ. ಅಜ್ಜಿಯ ಕಣ್ಣಿನಲ್ಲಿ ಸೂರ್ಯ ಎಲ್ಲಿದ್ದನೋ ಅಲ್ಲೇ, ಎಡಗಡೆ, ಪಾಪೆಯ ಮಟ್ಟಕ್ಕಿಂತ ತುಸು ಮೇಲೆ, ಒಂದೊಂದು ಸಣ್ಣ ಚುಕ್ಕಿ ಇಟ್ಟೆ. ಚಿಕ್ಕಪ್ಪ ಅಂಗಳಕ್ಕೆ ಬಂದರು.